ಪಕ್ಕದ ಸೀಟಿನವನಿಗೆ ಆ ಮಾತು ಹೇಳಿದ ಸಂಜೆ

ನಮ್ಮ ಟೀಮಿಗೆ ಹೊಸದಾಗಿ ಸೇರಿದವನು ಅವನು, ನನ್ನದೇ ವಯಸ್ಸು, ಸೀಟು ನನ್ನ ಪಕ್ಕದಲ್ಲೇ. ಕೆಲಸದಲ್ಲಿ ತುಂಬಾ ಚುರುಕು, ಯಾರಿಗೆ ಏನು ಸಹಾಯ ಬೇಕಾದ್ರೂ ಕುರ್ಚಿ ಎಳ್ಕೊಂಡು ಬಂದು ಪಕ್ಕದಲ್ಲೇ ಕೂತು ಹೇಳ್ಕೊಡ್ತಿದ್ದ, ತೊಂದರೆ ಶುರುವಾಗಿದ್ದೂ ಅಲ್ಲೇ. ಅವನು ಹತ್ರ ಬಂದ್ರೆ ಒಂದು ಕಮಟು ವಾಸನೆ ಬರ್ತಿತ್ತು, ಬೆವರು ಮತ್ತೆ ಒದ್ದೆ ಬಟ್ಟೆ ಎರಡೂ ಸೇರಿದಂಗೆ. ಮೊದಲ ವಾರ ಯಾರೂ ಏನೂ ಅನ್ನಲಿಲ್ಲ, ಆಮೇಲೆ ನಿಧಾನಕ್ಕೆ ಜನ ಅವನನ್ನ ಸಹಾಯ ಕೇಳೋದೇ ಬಿಟ್ರು, ಮೀಟಿಂಗ್ ರೂಮಲ್ಲಿ ಅವನು ಎಲ್ಲಿ ಕೂತ್ಕೋತಾನೋ ನೋಡ್ಕೊಂಡು ಆಮೇಲೆ ತಮ್ಮ ಕುರ್ಚಿ ಹುಡುಕೋಕೆ ಶುರು ಮಾಡಿದ್ರು. ಅವನಿಗೆ ಮಾತ್ರ ಏನೂ ಗೊತ್ತಾಗ್ತಿರ್ಲಿಲ್ಲ.

ನಾನು ಒಂದೂವರೆ ತಿಂಗಳು ಸುಮ್ಮನಿದ್ದೆ. ಯಾರಾದ್ರೂ ಹೇಳ್ತಾರೆ ಅಂತ ಎಲ್ಲರೂ ಅಂದ್ಕೋತಾರಲ್ಲ, ಹಂಗೆ ನಾನೂ ಅಂದ್ಕೊಂಡೆ.

ಒಂದು ದಿನ ಬೆಳಿಗ್ಗೆ ಅವನ ಟೇಬಲ್ ಮೇಲೆ ಹೊಸ ಡಿಯೋ ಬಾಟ್ಲಿ ಇತ್ತು, ಕೀಬೋರ್ಡ್ ಪಕ್ಕದಲ್ಲಿ, ಸೀಲ್ ಕೂಡ ಒಡೆದಿರ್ಲಿಲ್ಲ. ಯಾರಿಟ್ರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಅವನು ಬಂದ, ಅದನ್ನ ಎತ್ಕೊಂಡು ಎಲ್ಲರಿಗೂ ಕೇಳೋ ಹಾಗೆ "ಇದು ಯಾರ್ದು, ಯಾರೋ ಮರೆತು ಹೋಗಿದ್ದಾರೆ" ಅಂದ. ಯಾರೂ ತಲೆ ಎತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ನಗು ತಡ್ಕೊಂಡ ಸದ್ದು ನಂಗೆ ಕೇಳಿಸ್ತು. ಅವನು ಅಷ್ಟೇ ಸಹಜವಾಗಿ ಅದನ್ನ ತಗೊಂಡು ಹೋಗಿ ಪ್ರಿಂಟರ್ ಪಕ್ಕದ ಶೆಲ್ಫ್ ಮೇಲೆ, ಕಳೆದುಹೋದ ವಸ್ತುಗಳನ್ನೆಲ್ಲ ಇಡ್ತಾರಲ್ಲ ಅಲ್ಲಿ, ನೀಟಾಗಿ ಇಟ್ಟು ಬಂದ. ನಂಗೆ ಹೊಟ್ಟೆ ಒಳಗೆ ಏನೋ ಆಯ್ತು. ಇಟ್ಟವರ ಉದ್ದೇಶ ಕೆಟ್ಟದ್ದೇ ಇರ್ಬೇಕು ಅಂತಿಲ್ಲ, ಆದ್ರೆ ಹಾಗೆ ಹೆಸರಿಲ್ದೆ ಏನಾದ್ರೂ ಇಟ್ರೆ ಎರಡೇ ಆಗೋದು, ಒಂದು ಅವನಿಗೆ ಅರ್ಥ ಆಗಲ್ಲ, ಇಲ್ಲಾ ಅರ್ಥ ಆಗಿ, ಈ ರೂಮಲ್ಲಿ ಇಟ್ಟಿದ್ದು ಯಾರು ಅಂತ ಒಬ್ಬೊಬ್ಬರ ಮುಖಾನೂ ನೋಡ್ತಾ ಕೂತ್ಕೋಬೇಕು. ಅವತ್ತು ನಿರ್ಧಾರ ಮಾಡಿದೆ, ನಾನೇ ಹೇಳ್ತೀನಿ ಅಂತ.

ಟೀಮ್ ಲೀಡ್ ಹತ್ರ ಬಿಟ್ಬಿಡೋಣ ಅಂತಾನೂ ಯೋಚನೆ ಬಂತು. ಆದ್ರೆ ಲೀಡ್ ಹೇಳಿದ್ರೆ ಅದು ಒಂದು ದೂರು ಆಗ್ಬಿಡುತ್ತೆ, ಎಚ್‌ಆರ್ ತನಕ ಹೋದ್ರೆ ಇನ್ನೂ ಭಾರ ಆಗುತ್ತೆ. ಪಕ್ಕದಲ್ಲಿ ಕೂರೋನು, ದಿನಾ ಮಾತಾಡೋನು ಹೇಳಿದ್ರೆ ಅದು ಇಬ್ಬರ ಮಧ್ಯೆ ಉಳಿಯುತ್ತೆ. ಹೇಳಿದ ಮೇಲೂ ಬದಲಾಗದಿದ್ರೆ, ಕೆಲಸಕ್ಕೇ ತೊಂದರೆ ಆದ್ರೆ, ಆಗ ಲೀಡ್ ಹತ್ರ ಹೋಗೋದು ಸರಿ.

ಹೇಳೋಕೆ ಮುಂಚೆ ಮೂರ್ನಾಲ್ಕು ದಿನ ಒಂದು ವಿಷಯ ಗಮನಿಸಿದೆ. ಅವನು ಬೆಳಿಗ್ಗೆ ಬಂದ ತಕ್ಷಣ ಹೆಚ್ಚೇನೂ ವಾಸನೆ ಇರ್ತಿರ್ಲಿಲ್ಲ, ತಲೆ ಬಾಚಿ ನೀಟಾಗಿ ಬರ್ತಿದ್ದ, ಉಗುರು ಚೊಕ್ಕ, ಕಾಲರ್ ಚೊಕ್ಕ. ಒಂದು ಗಂಟೆ ಕಳೆದ ಮೇಲೆ, ಅದೂ ಮೆಟ್ಟಿಲು ಹತ್ತಿ ಇಳಿದು ಮೈ ಬಿಸಿ ಆದ ಮೇಲೆ, ವಾಸನೆ ಏಳ್ತಿತ್ತು. ಸ್ನಾನ ಮಾಡದೇ ಇರೋನ ವಾಸನೆ ಅಷ್ಟು ಹೊತ್ತು ಕಾಯಲ್ಲ. ಅದಕ್ಕೇ ನಾನು ಮನಸ್ಸಲ್ಲಿ ಕಟ್ಕೊಂಡಿದ್ದ ಮಾತಿನಿಂದ ಮೊದಲು "ಸ್ನಾನ" ಅನ್ನೋ ಪದ ತೆಗೆದೆ. ಕಾರಣ ಏನು ಅಂತ ನಂಗೆ ಗೊತ್ತಿಲ್ಲ, ನನ್ನ ಮೂಗಿಗೆ ಏನು ಬಂತೋ ಅಷ್ಟು ಮಾತ್ರ ನಂಗೆ ಗೊತ್ತು, ಅಷ್ಟೇ ಹೇಳ್ಬೇಕು. ಎರಡನೇದಾಗಿ "ಎಲ್ರೂ ಹೇಳ್ತಿದ್ದಾರೆ" ಅನ್ನೋದನ್ನ ತೆಗೆದೆ. ನಮಗೆ ಧೈರ್ಯ ಸಾಲದೆ ಇಡೀ ಆಫೀಸನ್ನ ಬೆನ್ನಿಗೆ ನಿಲ್ಲಿಸ್ಕೊಂಡು ಹೇಳೋ ಮಾತು ಅದು, ಕೇಳೋನಿಗೆ ಮಾತ್ರ ಅದಾದ್ಮೇಲೆ ಆಫೀಸಿನ ಒಬ್ಬೊಬ್ಬರ ಮುಖ ನೋಡೋಕೂ ಕಷ್ಟ.

ಹೊತ್ತು ಸಂಜೆನೇ ಆರಿಸ್ಕೊಂಡೆ. ಬೆಳಿಗ್ಗೆ ಹೇಳಿದ್ರೆ ಅವನು ಅದೇ ಶರ್ಟಲ್ಲಿ ಕೈ ಮೈಗೆ ಒತ್ಕೊಂಡು ಇಡೀ ದಿನ ಕೂರ್ಬೇಕಾಗುತ್ತೆ, ಸಂಜೆ ಆದ್ರೆ ನೇರ ಮನೆಗೆ ಹೋಗ್ಬಹುದು. ಎದುರುಬದುರು ಕೂತು ಹೇಳೋದೂ ಬೇಡ ಅನ್ನಿಸ್ತು. ಇಬ್ಬರೂ ಹೊರಟಾಗ ಪಾರ್ಕಿಂಗ್ ಕಡೆ ನಡೀತಾ, ಮುಖ ಮುಖ ನೋಡೋ ಅಗತ್ಯ ಇಲ್ದೇ ಇರೋ ಹಾಗೆ, ಹೇಳಿದೆ.

"ನೋಡು, ನಿಂಗೊಂದು ಮಾತು ಹೇಳ್ಬೇಕಿತ್ತು, ಸ್ವಲ್ಪ ಮುಜುಗರದ್ದು. ನಿನ್ನ ಹತ್ರ ಕೂತಾಗ ನಂಗೆ ಬೆವರಿನ ವಾಸನೆ ಬರುತ್ತೆ, ಮಧ್ಯಾಹ್ನದ ಹೊತ್ತಿಗೆ ಜಾಸ್ತಿ. ಇದು ನಮ್ಮ ಮೂಗಿಗೆ ನಮಗೇ ತಿಳಿಯಲ್ಲ, ಅದಕ್ಕೇ ಹೇಳ್ತಿದ್ದೀನಿ. ನಂಗೆ ಹೀಗಿದ್ದಿದ್ರೆ ನೀನು ಹೇಳ್ಬೇಕು ಅಂತ ನಾನು ಬಯಸ್ತಿದ್ದೆ."

ಅಷ್ಟೇ, ಅಲ್ಲಿಗೆ ನಿಲ್ಲಿಸಿದೆ. ನಿಲ್ಲಿಸೋದೇ ಕಷ್ಟ ಆಗಿದ್ದು, ಬಾಯಿ ತಾನಾಗೇ "ನೀನು ತುಂಬಾ ಒಳ್ಳೆಯವನು, ಕೆಲಸ ಚೆನ್ನಾಗಿ ಮಾಡ್ತೀಯಾ" ಅಂತ ಸೇರಿಸೋಕೆ ಹೊರಟಿತ್ತು. ಆ ಹೊತ್ತಿನಲ್ಲಿ ಹೊಗಳಿದ್ರೆ ಆ ಹೊಗಳಿಕೆಗೂ ಬೆಲೆ ಇರಲ್ಲ.

ಅವನು ಸುಮಾರು ಇಪ್ಪತ್ತು ಹೆಜ್ಜೆ ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ, "ಎಷ್ಟು ದಿನದಿಂದ?"

ಈ ಪ್ರಶ್ನೆಗೆ ನಾನು ತಯಾರಾಗಿರ್ಲಿಲ್ಲ. "ಒಂದೂವರೆ ತಿಂಗಳು ಆಗಿರ್ಬೇಕು, ಮುಂಚೆನೇ ಹೇಳ್ಬೇಕಿತ್ತು, ತಪ್ಪು ನಂದು" ಅಂದೆ. "ನಾನು ದಿನಾ ಎರಡು ಸಲ ಸ್ನಾನ ಮಾಡ್ತೀನಿ ಕಣೋ" ಅಂದ, ದನಿ ಸಣ್ಣದಾಗಿತ್ತು. ನಂಬ್ತೀನಿ ಅಂದೆ, ನಿಜವಾಗ್ಲೂ ನಂಬಿದ್ದೆ. ಗಾಡಿ ಹತ್ರ ಬಂದ ಮೇಲೆ ಕೀ ಕೈಯಲ್ಲಿ ಹಿಡ್ಕೊಂಡು ನಿಂತ, "ಅವತ್ತು ಆ ಬಾಟ್ಲಿ ನಂಗೇ ಅಂತ ಇಟ್ಟಿದ್ದಾ?" ಅಂದ. ನಾನಿಟ್ಟಿದ್ದಲ್ಲ, ಆದ್ರೆ ಹೌದು ಅನ್ಸುತ್ತೆ ಅಂದೆ. ವಾಸನೆ ಬರುತ್ತೆ ಅಂದಿದ್ದಕ್ಕಿಂತ ಅದೇ ಅವನಿಗೆ ಜಾಸ್ತಿ ನೋವಾಗಿದ್ದು, ಮುಖ ನೋಡಿದ್ರೆ ಗೊತ್ತಾಗ್ತಿತ್ತು.

ಮರುದಿನ ನಾನು ಎಂದಿನ ಹಾಗೆ ಕುರ್ಚಿ ಎಳ್ಕೊಂಡು ಅವನ ಪಕ್ಕ ಕೂತು ಕೆಲಸದ್ದೇ ಒಂದು ಡೌಟ್ ಕೇಳಿದೆ. ಹಿಂದಿನ ಸಂಜೆಯ ಮಾತು ಎತ್ತಲಿಲ್ಲ. ಎರಡು ದಿನ ಬಿಟ್ಟು ಅವನೇ ಎತ್ತಿದ.

ಕಾರಣ ಅವನೇ ಹುಡುಕ್ಕೊಂಡಿದ್ದ. ತೊಳೆದು ಮಡಚಿಟ್ಟಿದ್ದ ಶರ್ಟ್ ತೆಗೆದು ಮೂಸಿದಾಗ ಏನೂ ಇರ್ಲಿಲ್ವಂತೆ. ಆಮೇಲೆ ಅದೇ ಶರ್ಟಿನ ಕಂಕುಳ ಭಾಗಕ್ಕೆ ಒಂಚೂರು ನೀರು ಚಿಮುಕಿಸಿ ಹೆಚ್ಚು ಬಿಸಿ ಇಲ್ದೇ ಇರೋ ಇಸ್ತ್ರಿ ಪೆಟ್ಟಿಗೆ ಆಡಿಸಿದ್ನಂತೆ, ಆ ಆವಿ ಜೊತೆ ವಾಸನೆ ಎದ್ದು ಬಂತಂತೆ. "ತೊಳೆದ ಬಟ್ಟೆ ಕಣೋ, ನಂಗೇ ಮುಖಕ್ಕೆ ಹೊಡೀತು" ಅಂದ. ಆ ಮಾತು ಹೇಳ್ವಾಗ ಅವನಿಗೆ ಒಂಥರಾ ಸಮಾಧಾನವೂ ಇತ್ತು, ದೋಷ ತನ್ನ ಮೈಯಲ್ಲಿಲ್ಲ ಬಟ್ಟೇಲಿದೆ ಅಂತ.

ಇದರ ಹಿಂದಿನ ಲೆಕ್ಕ ಹೀಗೆ. ಬೆವರಿಗೆ ತನ್ನದೇ ಅಂತ ಹೆಚ್ಚು ವಾಸನೆ ಇಲ್ಲ. ಕಂಕುಳಲ್ಲಿ ಇರೋ ಒಂದು ಬಗೆಯ ಬೆವರಿನ ಗ್ರಂಥಿಗಳು ಕೊಬ್ಬು, ಪ್ರೋಟೀನ್ ಅಂಶ ಇರೋ ದ್ರವ ಬಿಡ್ತವೆ, ಚರ್ಮದ ಮೇಲಿರೋ ಬ್ಯಾಕ್ಟೀರಿಯಾ ಅದನ್ನ ಒಡೆದಾಗ ವಾಸನೆ ಹುಟ್ಟುತ್ತೆ. ಆ ಬ್ಯಾಕ್ಟೀರಿಯಾನೂ ಆ ಜಿಡ್ಡೂ ಬಟ್ಟೆಗೂ ಹತ್ಕೊಳ್ಳುತ್ತೆ. ಪಾಲಿಯೆಸ್ಟರ್ ಬಟ್ಟೆ ನೀರು ಹೀರಲ್ಲ ಆದ್ರೆ ಜಿಡ್ಡು ಹಿಡ್ಕೊಳ್ಳುತ್ತೆ, ತಣ್ಣೀರಲ್ಲಿ ಚಿಕ್ಕ ವಾಶ್ ಹಾಕಿದ್ರೆ ಪೂರ್ತಿ ಬಿಡಲ್ಲ. ಆಮೇಲೆ ಗಾಳಿ ಆಡದ ಕಡೆ ನಿಧಾನವಾಗಿ ಒಣಗಿದ್ರೆ ಉಳಿದಿದ್ದು ಇನ್ನೂ ಬೆಳೆಯುತ್ತೆ. ಮೈ ಬಿಸಿ ಮತ್ತೆ ತೇವ ತಗಲಿದ ಕೂಡಲೇ ವಾಸನೆ ಮತ್ತೆ ಏಳುತ್ತೆ, ಸ್ನಾನ ಮಾಡಿ ಹಾಕ್ಕೊಂಡ್ರೂ ಅಷ್ಟೇ. ಅವನ ವಿಷಯದಲ್ಲಿ ಇದೆಲ್ಲಾ ಸರಿಹೊಂದ್ತಿತ್ತು, ಐದು ಶರ್ಟಲ್ಲಿ ನಾಲ್ಕು ಪಾಲಿಯೆಸ್ಟರ್, ಹದಿನೈದು ನಿಮಿಷದ ಕ್ವಿಕ್ ವಾಶ್, ರಾತ್ರಿ ಕಿಟಕಿ ಮುಚ್ಚಿದ ರೂಮಲ್ಲಿ ಹ್ಯಾಂಗರ್‌ಗೆ ನೇತಾಕಿ ಬೆಳಿಗ್ಗೆ ಹಾಕ್ಕೊಂಡು ಬರೋದು. ಅವನಿಗೆ ಗೊತ್ತಾಗದೇ ಇದ್ದಿದ್ದಕ್ಕೂ ಕಾರಣ ಇದೆ, ಒಂದೇ ವಾಸನೆ ಸತತವಾಗಿ ಬರ್ತಿದ್ರೆ ಕೆಲವೇ ನಿಮಿಷಕ್ಕೆ ಮೂಗು ಅದನ್ನ ಲೆಕ್ಕಕ್ಕೆ ತಗೊಳ್ಳೋದು ಬಿಡುತ್ತೆ.

ಅವನು ಮಾಡಿದ್ದು ಇಷ್ಟು. ಶರ್ಟುಗಳನ್ನ ಒಳಮಗ್ಗುಲು ಹೊರಗೆ ತಿರುಗಿಸಿ, ಬಣ್ಣದ ಬಟ್ಟೆಗೂ ಆಗೋ ಆಕ್ಸಿಜನ್ ಬ್ಲೀಚ್ ಪುಡಿಯನ್ನ ಬೆಚ್ಚಗಿನ ನೀರಲ್ಲಿ ಕರಗಿಸಿ ಕೆಲವು ಗಂಟೆ ನೆನೆಸಿ, ಆಮೇಲೆ ಪೂರ್ತಿ ವಾಶ್ ಹಾಕಿದ. ಬಟ್ಟೆ ಮೆತ್ತಗೆ ಮಾಡೋ ಕಂಡೀಷನರ್ ಹಾಕೋದು ನಿಲ್ಲಿಸಿದ, ಅದರ ಲೇಪ ಬಟ್ಟೆ ಮೇಲೆ ಉಳಿಯುತ್ತೆ. ಒಣಗೋಕೆ ಬಿಸಿಲಿಲ್ದಾಗ ಫ್ಯಾನ್ ಎದುರು ಹಾಕ್ದ. ಡಿಯೋ ಬದಲು ಬೆವರನ್ನೇ ಕಮ್ಮಿ ಮಾಡೋ ಆ್ಯಂಟಿಪರ್ಸ್ಪಿರೆಂಟ್ ತಗೊಂಡು ರಾತ್ರಿ ಮಲಗೋ ಮುಂಚೆ ಒಣ ಚರ್ಮಕ್ಕೆ ಹಚ್ಚೋಕೆ ಶುರು ಮಾಡ್ದ, ರಾತ್ರಿ ಬೆವರು ಕಮ್ಮಿ ಇರೋದ್ರಿಂದ ಅದು ಚೆನ್ನಾಗಿ ಕೂರುತ್ತೆ. ಎರಡು ಶರ್ಟ್ ಎಷ್ಟು ನೆನೆಸಿದ್ರೂ ಇಸ್ತ್ರಿ ಪರೀಕ್ಷೆ ಪಾಸಾಗಲಿಲ್ಲ, ಅವನ್ನ ಎಸೆದ.

ಇಷ್ಟು ಮಾಡಿದ ಮೇಲೂ ವಾಸನೆ ಉಳಿದಿದ್ರೆ, ಇಲ್ಲಾ ಬೆವರು ಸುಮ್ಮನೆ ಕೂತಾಗಲೂ ಬಟ್ಟೆ ತೊಯ್ಯೋವಷ್ಟು ಬರ್ತಿದ್ರೆ, ಮೈ ವಾಸನೆ ಇದ್ದಕ್ಕಿದ್ದ ಹಾಗೆ ಬದಲಾಗಿದ್ರೆ, ಅದು ಡಾಕ್ಟರ್ ನೋಡ್ಬೇಕಾದ ವಿಷಯ. ಕೆಲವರಿಗೆ ದೇಹದ ರಸಾಯನದಲ್ಲೇ ಇರೋ ತೊಂದರೆಯಿಂದ ಮೀನಿನ ತರ ವಾಸನೆ ಬರುತ್ತೆ, ಅದಕ್ಕೆ ಎಷ್ಟು ಸೋಪು ಹಾಕಿದ್ರೂ ಸಾಲಲ್ಲ. ಆದ್ರೆ ಅವತ್ತು ನಡೀತಾ ಡಾಕ್ಟರ್ ಮಾತು ನಾನು ಎತ್ತಲಿಲ್ಲ, ಮೊದಲ ಸಲ ಹೇಳ್ವಾಗಲೇ ರೋಗದ ಹೆಸರು ಹೇಳೋ ಹಕ್ಕು ನಂಗಿಲ್ಲ.

ಅವನು ಒಂದೇ ಒಂದು ಕೇಳಿದ್ದು, "ನಂಗೆ ಗೊತ್ತಾಗಲ್ವಲ್ಲ, ನಾನು ಕೇಳಿದ್ರೆ ನಿಜ ಹೇಳ್ತೀಯಾ?" ಹೇಳ್ತೀನಿ, ನೀನು ಕೇಳಿದಾಗ ಮಾತ್ರ ಅಂದೆ. ಅದಾದ್ಮೇಲೆ ಸುಮಾರು ಮೂರು ವಾರ, ಮಧ್ಯಾಹ್ನದ ಹೊತ್ತಿಗೆ ನನ್ನ ಕಡೆ ತಿರುಗಿ ಹುಬ್ಬು ಏರಿಸ್ತಿದ್ದ, ನಾನು ತಲೆ ಆಡಿಸ್ತಿದ್ದೆ. ಮೊದಲ ವಾರ ಎರಡು ಸಲ "ಇದೆ" ಅಂತ ಹೇಳಬೇಕಾಯ್ತು, ಎರಡು ಸಲಾನೂ ಅವನು ಹಾಕಿದ್ದು ಆಮೇಲೆ ಎಸೆದ ಶರ್ಟುಗಳನ್ನೇ. ಟೀಮಲ್ಲಿ ಒಬ್ಬರು ಬಂದು "ನೀನೇನಾದ್ರೂ ಹೇಳಿದ್ಯಾ ಅವನಿಗೆ" ಅಂತ ಕೇಳಿದ್ರು, ಯಾವ ವಿಷಯ ಅಂದೆ, ಅಲ್ಲಿಗೆ ಬಿಟ್ರು.

ಈಗ ಹುಬ್ಬು ಏರಿಸೋದು ನಿಂತಿದೆ. ಹೋದ ವಾರ ಹಿಂದಿನ ಸಾಲಿನವರೊಬ್ಬರು ತಮ್ಮ ಸ್ಕ್ರೀನ್ ತೋರಿಸ್ತಾ ಅವನನ್ನ ಕರೆದ್ರು, ಅವನು ಕುರ್ಚಿ ಎಳ್ಕೊಂಡು ಹೋಗಿ ಪಕ್ಕದಲ್ಲಿ ಕೂತ. ಅರ್ಧ ಗಂಟೆ ಅಲ್ಲೇ ಇದ್ದ.