ಎಣಿಕೆ ಸರಿಯಿತ್ತು, ವಯಸ್ಸು ಲೆಕ್ಕಕ್ಕೆ ಬಂದಿರಲಿಲ್ಲ

ಶಿವಮೊಗ್ಗದ ಫರ್ಟಿಲಿಟಿ ಕ್ಲಿನಿಕ್ಕೊಂದರ ವೀರ್ಯ ಪರೀಕ್ಷೆ ಮಾಡುವ ಆಂಡ್ರಾಲಜಿ ಲ್ಯಾಬಿನಲ್ಲಿ ನಾನು ಕೆಲಸ ಮಾಡುತ್ತೇನೆ. ತೋಟದ ಮನೆಗಳ ಗಂಡಸರಿಗೆ ಹೆಣ್ಣು ಸಿಗುವುದೇ ತಡವಾಗುತ್ತಿರುವುದರಿಂದ, ನಲವತ್ತು ದಾಟಿದ ಮೇಲೆ ಮೊದಲ ಮಗುವಿಗಾಗಿ ಬರುವವರು ಇಲ್ಲಿ ಅಪರೂಪವಲ್ಲ. ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರರಿಗೆ 46 ವರ್ಷ, ಹೆಂಡತಿಗೆ 31. ಎರಡು ಬಾರಿ ಗರ್ಭ ನಿಂತು ಮೂರನೇ ತಿಂಗಳೊಳಗೆ ಹೋಗಿತ್ತು. ಆಕೆಯ ಥೈರಾಯ್ಡ್, ಗರ್ಭಕೋಶದ ಸ್ಕ್ಯಾನ್, ಇಬ್ಬರ ಕ್ರೋಮೋಸೋಮ್‌ಗಳನ್ನು ನೋಡುವ ಕ್ಯಾರಿಯೋಟೈಪ್ ಪರೀಕ್ಷೆ ಎಲ್ಲವೂ ಸರಿಯಿದ್ದವು.

ಅವರ ವೀರ್ಯ ಪರೀಕ್ಷೆಯನ್ನು ನಾನೇ ಮಾಡಿದೆ. ಪ್ರಮಾಣ 1.8 ಮಿ.ಲೀ., ಪ್ರತಿ ಮಿ.ಲೀ.ಗೆ 38 ಮಿಲಿಯನ್ ವೀರ್ಯಾಣು, ಮುಂದಕ್ಕೆ ಚಲಿಸುವವು ಶೇ. 34. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿಗಳು ಕ್ರಮವಾಗಿ 1.4, 16 ಮತ್ತು 30 ಆಗಿರುವುದರಿಂದ, ನಮ್ಮ ಸಾಫ್ಟ್‌ವೇರ್ ಎಂದಿನಂತೆ ಕೊನೆಯ ಸಾಲಿನಲ್ಲಿ 'ನಾರ್ಮಲ್' ಎಂದು ಮುದ್ರಿಸಿತು. ಕೌಂಟರಿನಲ್ಲಿ ಅದನ್ನು ಓದಿದ ಅವರ ತಾಯಿ ಸೊಸೆಯ ಎದುರೇ, "ನೋಡಿದ್ಯಾ, ನಮ್ಮ ಹುಡುಗನದ್ದು ಸರಿ ಇದೆ" ಎಂದರು. ಆ ಹೆಣ್ಣುಮಗಳು ಏನೂ ಹೇಳದೆ ಫೈಲನ್ನು ಚೀಲಕ್ಕೆ ಹಾಕತೊಡಗಿದಳು. ನಾನು, "ಅಮ್ಮಾ, ಇದು ಎಷ್ಟು ಇವೆ, ಹೇಗೆ ಓಡಾಡುತ್ತವೆ ಅಂತ ಮಾತ್ರ ಹೇಳುತ್ತದೆ, ಒಳಗಿನ ಡಿಎನ್‌ಎ ಹೇಗಿದೆ ಅಂತ ಹೇಳುವುದಿಲ್ಲ. ಡಾಕ್ಟರನ್ನು ನೋಡಿಕೊಂಡೇ ಹೋಗಿ" ಎಂದು ಅವರನ್ನು ತಡೆದು ಕೂರಿಸಿದೆ. ಒಳಗೆ ಕರೆಯುವವರೆಗೆ ಆ ಬೆಂಚಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ವಯಸ್ಸಾದಂತೆ ವೀರ್ಯದ ಪ್ರಮಾಣ ಮತ್ತು ಚಲನೆ ನಿಧಾನವಾಗಿ ಇಳಿಯುತ್ತವೆ, ಆದರೆ ಸಾಂದ್ರತೆ ಅಷ್ಟಾಗಿ ಇಳಿಯುವುದಿಲ್ಲ. ಹಾಗಾಗಿ ಎಣಿಕೆಯನ್ನೇ ನಂಬಿದರೆ ವಯಸ್ಸಿನ ಪರಿಣಾಮ ಕಣ್ಣಿಗೆ ಬೀಳುವುದೇ ಇಲ್ಲ. ಹೆಚ್ಚಾಗಿ ಕೆಡುವುದು ವೀರ್ಯಾಣುವಿನ ಡಿಎನ್‌ಎ ಎಳೆಗಳು. ಅವು ತುಂಡಾಗಿರುವ ವೀರ್ಯಾಣುಗಳ ಪಾಲನ್ನು ಡಿಎಫ್‌ಐ ಪರೀಕ್ಷೆ ತಿಳಿಸುತ್ತದೆ, ಮತ್ತು ಆ ಪಾಲು ಹೆಚ್ಚಿರುವ ದಂಪತಿಗಳಲ್ಲಿ ಗರ್ಭಪಾತವೂ ಹೆಚ್ಚು ಕಂಡುಬರುತ್ತದೆ. ಡಾಕ್ಟರು ಅದನ್ನು ಬರೆದುಕೊಟ್ಟರು, ಸ್ಯಾಂಪಲ್ ಬೆಂಗಳೂರಿಗೆ ಹೋಯಿತು, ಫಲಿತಾಂಶ ಶೇ. 36 ಬಂತು. ಸಾಮಾನ್ಯವಾಗಿ ಶೇ. 30 ದಾಟಿದರೆ ಹೆಚ್ಚೆಂದು ಪರಿಗಣಿಸುತ್ತಾರೆ.

ಈ ಹಾನಿಗೆ ವಯಸ್ಸೊಂದೇ ಕಾರಣವಲ್ಲ ಎಂಬುದು ಅವರಿಗೆ ಅನುಕೂಲವಾಯಿತು. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಅವರಿಗಿತ್ತು. ಇಂಥ ಹಾನಿಗೆ ಇನ್ನೊಂದು ಕಾರಣವಾಗಬಲ್ಲ ವೇರಿಕೋಸೀಲ್, ಅಂದರೆ ವೃಷಣದ ಸುತ್ತಲಿನ ರಕ್ತನಾಳಗಳ ಊತ, ಇಲ್ಲವೆಂದು ಡಾಪ್ಲರ್ ಸ್ಕ್ಯಾನ್ ತೋರಿಸಿತು. ಹೊಗೆಸೊಪ್ಪು ಬಿಡಲು, ಸ್ಖಲನಗಳ ನಡುವೆ ಬಹಳ ದಿನ ಬಿಡದಿರಲು ಹೇಳಿ, ಮೂರು ತಿಂಗಳ ನಂತರ ಬರಲು ಸೂಚಿಸಲಾಯಿತು. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕಾಗುವುದರಿಂದ, ಅದಕ್ಕಿಂತ ಮುಂಚೆ ಪರೀಕ್ಷಿಸಿದರೆ ಸಿಗುವುದು ಹಳೆಯ ಬೆಳೆಯೇ. ಎರಡನೇ ಬಾರಿ ಡಿಎಫ್‌ಐ 23ಕ್ಕೆ ಇಳಿದಿತ್ತು. ಇದರಿಂದ ಮುಂದಿನ ಗರ್ಭ ಉಳಿದೇ ಉಳಿಯುತ್ತದೆಂದು ಹೇಳಲಾಗದು, ಪರೀಕ್ಷೆಯಿಂದ ಪರೀಕ್ಷೆಗೆ ಈ ಅಂಕಿ ಏರಿಳಿಯುವುದೂ ಉಂಟು.

ಆಗ ಅವರು, "ಹಾಗಾದರೆ ವಯಸ್ಸಿನ ದೋಷ ಹೋಯಿತಾ ಮೇಡಂ?" ಎಂದು ಕೇಳಿದರು. ಹೋಗುವುದಿಲ್ಲ, ಏಕೆಂದರೆ ಅದು ಬೇರೆಯೇ ವಿಷಯ. ವೀರ್ಯಾಣುಗಳನ್ನು ಹುಟ್ಟಿಸುವ ವೃಷಣದ ಆಕರಕೋಶಗಳು ಹರೆಯದಿಂದ ವರ್ಷಕ್ಕೆ ಸುಮಾರು 23 ಬಾರಿ ವಿಭಜನೆಯಾಗುತ್ತವೆ ಎಂದು ಅಂದಾಜು. ಪ್ರತಿ ಬಾರಿ ಡಿಎನ್‌ಎ ನಕಲಾಗುವಾಗ ಒಂದೊಂದು ಅಕ್ಷರ ತಪ್ಪುವ ಸಾಧ್ಯತೆಯಿದ್ದು, ಆ ತಪ್ಪು ಆಕರಕೋಶದಲ್ಲೇ ಉಳಿದುಬಿಡುತ್ತದೆ. ಐಸ್‌ಲ್ಯಾಂಡಿನ ಕುಟುಂಬಗಳ ಮೇಲಿನ 2012ರ ಅಧ್ಯಯನದಲ್ಲಿ, 20 ವರ್ಷದ ತಂದೆಯಿಂದ ಮಗುವಿಗೆ ಇಂಥ ಸುಮಾರು 25 ಹೊಸ ತಪ್ಪು, ಅಂದರೆ ಮ್ಯುಟೇಶನ್, ಬಂದರೆ 40 ವರ್ಷದವನಿಂದ ಸುಮಾರು 65 ಬಂದಿದ್ದವು. ಬಹುಪಾಲು ಯಾವ ತೊಂದರೆಯನ್ನೂ ಮಾಡುವುದಿಲ್ಲ. ಆದರೆ ಎಫ್‌ಜಿಎಫ್‌ಆರ್3 ಜೀನ್‌ನ ಒಂದು ನಿರ್ದಿಷ್ಟ ಬದಲಾವಣೆ, ಅಂದರೆ ಅಕಾಂಡ್ರೊಪ್ಲೇಸಿಯಾ ಎಂಬ ಕುಬ್ಜತೆಗೆ ಕಾರಣವಾಗುವುದು, ತಾನಿರುವ ಆಕರಕೋಶಕ್ಕೆ ಉಳಿದವುಗಳಿಗಿಂತ ಹೆಚ್ಚು ವೃದ್ಧಿಯಾಗುವ ಬಲ ಕೊಡುತ್ತದೆ. ಹೀಗಾಗಿ ವಯಸ್ಸಾದ ತಂದೆಯರಲ್ಲಿ ಅದರ ಸಂಭವ ಹೆಚ್ಚು. ಒಟ್ಟಾರೆ ಸುಮಾರು 25,000 ಜನನಗಳಿಗೆ ಒಂದರಂತೆ ಕಾಣಿಸಿಕೊಳ್ಳುವ ಸ್ಥಿತಿ ಇದಾದ್ದರಿಂದ, ಕೆಲವು ಪಟ್ಟು ಹೆಚ್ಚಿದರೂ ಅಪರೂಪವೇ ಎಂಬುದನ್ನೂ ಅವರಿಗೆ ಅಷ್ಟೇ ಒತ್ತಿ ಹೇಳಿದೆವು.

ಮಗುವಿನ ಅಂಗಗಳನ್ನು ನೋಡುವ ಐದನೇ ತಿಂಗಳ ಅನಾಮಲಿ ಸ್ಕ್ಯಾನಿನಲ್ಲಿ ಈ ಕುಬ್ಜತೆ ಸಾಮಾನ್ಯವಾಗಿ ಕಾಣಿಸುವುದಿಲ್ಲ, ತೊಡೆಮೂಳೆಯ ಬೆಳವಣಿಗೆ ಹಿಂದೆ ಬೀಳುವುದು ಆರನೇ ತಿಂಗಳ ನಂತರವೇ. ಆದ್ದರಿಂದ ಮುಂದಿನ ಬಾರಿ ಗರ್ಭ ನಿಂತರೆ ಏಳನೇ ತಿಂಗಳಲ್ಲಿ ಇನ್ನೊಂದು ಸ್ಕ್ಯಾನ್ ಮಾಡಿಸಬೇಕೆಂದು ಡಾಕ್ಟರು ಫೈಲಿನಲ್ಲೇ ಬರೆದಿಟ್ಟರು.

ವರದಿಯ ಆ ಕೊನೆಯ ಸಾಲನ್ನು ತೆಗೆಯಿರಿ, ಇಲ್ಲವೇ 'ಈ ಪರೀಕ್ಷೆ ಡಿಎನ್‌ಎ ಸ್ಥಿತಿಯನ್ನು ತಿಳಿಸುವುದಿಲ್ಲ' ಎಂದು ಸೇರಿಸಿ ಎಂದು ಆಡಳಿತದವರನ್ನು ಕೇಳುತ್ತಲೇ ಇದ್ದೇನೆ. ಟೆಂಪ್ಲೇಟ್ ಬದಲಿಸಲು ಸಾಫ್ಟ್‌ವೇರ್ ಕಂಪನಿಗೆ ದುಡ್ಡು ಕೊಡಬೇಕಂತೆ. ಅಲ್ಲಿಯವರೆಗೆ ಗಂಡನಿಗೆ ನಲವತ್ತು ದಾಟಿದ್ದರೆ, ಹಿಂದೆ ಗರ್ಭಪಾತವಾಗಿದ್ದರೆ, ಆ ವಾಕ್ಯವನ್ನು ಪೆನ್ನಿನಲ್ಲಿ ಬರೆದು ಸಹಿ ಹಾಕಿ ಕೊಡುತ್ತಿದ್ದೇನೆ.