ಒಂದೆಲಗದ ರೀಲು, ಐದು ಭಾನುವಾರ: ಸೇವ್ ಇದ್ರೂ ಯಾಕೆ ಓಡಲಿಲ್ಲ?

ಜೂನ್ 8, ಭಾನುವಾರ

ಮಳೆ ಬಿದ್ದು ಎರಡು ವಾರ ಆಯ್ತು. ಕಾಲುವೆ ಬದಿಯಲ್ಲಿ ಒಂದೆಲಗ ಚೆನ್ನಾಗಿ ಹಬ್ಬಿದೆ. ಸೊಪ್ಪುಗಳನ್ನು ಗುರುತಿಸುವ ಇನ್‌ಸ್ಟಾಗ್ರಾಂ ರೀಲುಗಳನ್ನು ಮಾಡಬೇಕು ಅಂತ ಹೋದ ವರ್ಷದಿಂದಲೂ ಮನಸ್ಸಿನಲ್ಲಿತ್ತು. ಅಮ್ಮನಿಗೆ ಮೂವತ್ತು ನಲವತ್ತು ಬಗೆಯ ಸೊಪ್ಪು ಗೊತ್ತು. ನನಗೆ ಹತ್ತೂ ಗೊತ್ತಿಲ್ಲ. ಅವಳು ಕಿತ್ತು ತೋರಿಸುವುದನ್ನು ನಾನು ಫೋನಿನಲ್ಲಿ ಹಿಡಿಯುತ್ತೇನೆ.

ಮೊದಲ ರೀಲು 48 ಸೆಕೆಂಡ್. ನಮಸ್ಕಾರ ಹೇಳಿ, ಇವತ್ತು ಏನು ತೋರಿಸ್ತೀವಿ ಅಂತ ಹೇಳಿ, ಆಮೇಲೆ ಎಲೆ, ಬೇರು, ಕೊನೆಗೆ ಚಟ್ನಿ. ಸಂಜೆ ಏಳಕ್ಕೆ ಹಾಕಿದೆ. ಅಕ್ಕನ ಮಗ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಲಿಂಕ್ ಹಾಕಿ, ಎಲ್ಲರೂ ಬೇಗ ಲೈಕ್ ಮಾಡಿ ಅಂತ ಬರೆದ. ಹತ್ತು ನಿಮಿಷದಲ್ಲಿ ಮೂವತ್ತಕ್ಕೂ ಹೆಚ್ಚು ಲೈಕ್ ಬಂತು.

ಮಾರನೆ ದಿನ ಸಂಜೆ ಲೆಕ್ಕ ನೋಡಿದೆ. ತಲುಪಿದ್ದು 412 ಜನಕ್ಕೆ. ಲೈಕ್ 46, ಸೇವ್ 31, ಬೇರೆಯವರಿಗೆ ಕಳಿಸಿದ್ದು 3. ಸರಾಸರಿ ನೋಡಿದ ಹೊತ್ತು 9 ಸೆಕೆಂಡ್. ನಮ್ಮನ್ನು ಫಾಲೋ ಮಾಡದವರು ಅದರಲ್ಲಿ ಅರವತ್ತೇ ಜನ.

ಸೇವ್ ನೋಡಿ ನನಗೆ ಖುಷಿಯಾಗಿತ್ತು. ನೂರಕ್ಕೆ ಏಳೂವರೆ ಜನ ಸೇವ್ ಮಾಡಿದ್ದಾರೆ ಅಂದ್ರೆ ಕಡಿಮೆ ಅಲ್ಲ. ಲೈಕೂ ನೂರಕ್ಕೆ ಹನ್ನೊಂದು. ಹಾಗಿದ್ರೂ ರೀಲು ಮನೆಯ ಹೊಸ್ತಿಲು ದಾಟಲಿಲ್ಲ. ಅಮ್ಮನಿಗೆ ಹೇಳಿದೆ. ಅವಳು ಒಂದೇ ಮಾತು ಕೇಳಿದಳು: “ಲೈಕ್ ಒತ್ತಿದವರೆಲ್ಲ ಪೂರ್ತಿ ನೋಡಿದ್ರೇನೋ?”

ನೋಡಿರಲಿಲ್ಲ. ಲಿಂಕ್ ಒತ್ತಿ, ಲೈಕ್ ಕೊಟ್ಟು, ವಾಪಸ್ ಹೋಗಿದ್ದರು. ರೀಲಿನ ಲೆಕ್ಕ ತೋರಿಸುವ ಇನ್‌ಸೈಟ್ಸ್‌ನಲ್ಲಿ ಜನ ಯಾವ ಸೆಕೆಂಡಿಗೆ ಎದ್ದು ಹೋದರು ಅಂತ ತೋರಿಸುವ ಗೆರೆ ಇರುತ್ತದೆ. ನಮ್ಮ ಗೆರೆ ಮೊದಲ ಐದು ಸೆಕೆಂಡಿನಲ್ಲೇ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಆ ಐದು ಸೆಕೆಂಡ್ ಪೂರ್ತಿ ನನ್ನ ನಮಸ್ಕಾರ.

ಜೂನ್ 11

ಈ ವಾರ ರಾತ್ರಿ ಕೂತು ಓದಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಮುಂದಿನ ಪ್ರಯೋಗಗಳಿಗೆ ಇದೇ ಆಧಾರ.

ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೆರಿ 2025ರ ಜನವರಿಯಲ್ಲಿ, ರೀಲು ಎಷ್ಟು ಜನರನ್ನು ತಲುಪುತ್ತದೆ ಅನ್ನುವುದಕ್ಕೆ ಮೂರು ಗುರುತುಗಳನ್ನು ಮುಖ್ಯ ಅಂತ ಹೆಸರಿಸಿದರು. ನೋಡಿದ ಹೊತ್ತು, ತಲುಪಿದವರಲ್ಲಿ ಎಷ್ಟು ಜನ ಲೈಕ್ ಮಾಡಿದರು, ತಲುಪಿದವರಲ್ಲಿ ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು. ಈಗಾಗಲೇ ಫಾಲೋ ಮಾಡುವವರ ವಿಷಯದಲ್ಲಿ ಲೈಕಿಗೆ ಸ್ವಲ್ಪ ಜಾಸ್ತಿ ತೂಕ. ಹೊಸಬರನ್ನು ತಲುಪಬೇಕಾದರೆ ಕಳಿಸುವುದಕ್ಕೆ ಜಾಸ್ತಿ ತೂಕ. ಇಲ್ಲಿ ‘ತಲುಪಿದವರಲ್ಲಿ’ ಅನ್ನುವುದನ್ನು ಮರೆಯಬಾರದು. ಒಟ್ಟು ಎಷ್ಟು ಅನ್ನುವುದಲ್ಲ, ನೂರಕ್ಕೆ ಎಷ್ಟು ಅನ್ನುವುದು ಲೆಕ್ಕ.

ಎರಡನೆಯದು, 2024ರ ಏಪ್ರಿಲ್ ಕೊನೆಯಲ್ಲಿ ಅವರು ತಿಳಿಸಿದ ಬದಲಾವಣೆ. ಫಾಲೋವರ್‌ಗಳು ಎಷ್ಟೇ ಇರಲಿ, ರೀಲನ್ನು ಮೊದಲು ಇಷ್ಟಪಡಬಹುದಾದ ಒಂದು ಸಣ್ಣ ಗುಂಪಿಗೆ ತೋರಿಸುತ್ತಾರೆ. ಅಲ್ಲಿ ಚೆನ್ನಾಗಿ ನಡೆದರೆ ಸ್ವಲ್ಪ ದೊಡ್ಡ ಗುಂಪು, ಆಮೇಲೆ ಇನ್ನೂ ದೊಡ್ಡದು. ಕೆರೆಗೆ ಕಲ್ಲು ಎಸೆದರೆ ಬಳೆ ಬಳೆಯಾಗಿ ಅಲೆ ಹರಡುತ್ತದಲ್ಲ, ಹಾಗೆ. ಒಂದು ಬಳೆಯಲ್ಲಿ ಸೋತರೆ ಮುಂದಿನ ಬಳೆ ಮೂಡುವುದು ಕಷ್ಟ.

ಮೂರನೆಯದು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಎಕ್ಸ್‌ಪ್ಲೋರ್ ಪುಟದಲ್ಲಿ ಯಾವುದು ಮೇಲೆ ಬರಬೇಕು ಅಂತ ಹೇಗೆ ತೀರ್ಮಾನವಾಗುತ್ತದೆ ಅನ್ನುವುದನ್ನು ಮೆಟಾದ ಎಂಜಿನಿಯರುಗಳು 2023ರಲ್ಲಿ ಈ ರೀತಿ ಬರೆದಿದ್ದರು:

```
EV = W_click * P(click) + W_like * P(like) - W_see_less * P(see less) + ...
```

`EV` ಅಂದರೆ ಎಲ್ಲ ಸೇರಿಸಿ ಬರುವ ನಿರೀಕ್ಷಿತ ಬೆಲೆ. `P` ಅಂದರೆ ಸಂಭವ. ಈ ವ್ಯಕ್ತಿ ಇದನ್ನು ಲೈಕ್ ಮಾಡುವ ಸಂಭವ ಎಷ್ಟು, ಒತ್ತುವ ಸಂಭವ ಎಷ್ಟು, ‘ಇಂಥದ್ದು ಬೇಡ’ ಅನ್ನುವ ಸಂಭವ ಎಷ್ಟು. `W` ಅಂದರೆ ಅದಕ್ಕೆ ಕೊಡುವ ತೂಕ. ತೂಕ ಎಷ್ಟು ಅಂತ ಹೊರಗೆ ಹೇಳುವುದಿಲ್ಲ, ಅದು ಬದಲಾಗುತ್ತಲೂ ಇರುತ್ತದೆ.

ಇದನ್ನು ಓದಿದ ಮೇಲೆ ನನ್ನ ತಪ್ಪು ತಿಳಿವಳಿಕೆ ಹೋಯಿತು. ಪರೀಕ್ಷೆಯಲ್ಲಿ ಅಂಕ ಸೇರಿಸಿದಂತೆ ನನ್ನ 31 ಸೇವ್‌ಗಳನ್ನು ಸೇರಿಸಿ ರೀಲಿಗೆ ಒಂದು ರ‍್ಯಾಂಕ್ ಕೊಡುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ನೋಡುವ ಒಬ್ಬೊಬ್ಬರಿಗೂ ಬೇರೆ ಬೇರೆ ಊಹೆ ನಡೆಯುತ್ತದೆ. ಮೊದಲು ನೋಡಿದವರು ಏನು ಮಾಡಿದರು ಅನ್ನುವುದು ಆ ಊಹೆಯನ್ನು ತಿದ್ದುತ್ತದೆ. ನಮ್ಮ ನೆಂಟರು ಎರಡು ಸೆಕೆಂಡ್ ನೋಡಿ ಹೊರಟರೆ, ಅವರಂಥ ಇನ್ನೊಬ್ಬರೂ ಎರಡೇ ಸೆಕೆಂಡಿಗೆ ಹೊರಡಬಹುದು ಅನ್ನುವ ಕಡೆಗೆ ಊಹೆ ವಾಲುತ್ತದೆ.

ನೋಡಿದ ಹೊತ್ತಿಗೆ ಇಷ್ಟು ಬೆಲೆ ಬಂದಿದ್ದು ಇತ್ತೀಚೆಗೇನಲ್ಲ. ಯೂಟ್ಯೂಬ್ 2012ರಲ್ಲೇ ವ್ಯೂ ಎಣಿಕೆ ಬಿಟ್ಟು ವಾಚ್ ಟೈಮ್ ಕಡೆ ಹೊರಳಿತು. ಸುಳ್ಳು ಚಿತ್ರ ತೋರಿಸಿ ಒತ್ತಿಸಿಕೊಳ್ಳುವ ವಿಡಿಯೊಗಳು ಮೇಲೆ ಬರುತ್ತಿದ್ದವು. ಒತ್ತಿದವರು ನಿಂತು ನೋಡಿದರಾ ಅಂತ ಕೇಳಿದರೆ ಆ ಮೋಸ ನಡೆಯುವುದಿಲ್ಲ.

ಜೂನ್ 15, ಭಾನುವಾರ

ಇನ್ನು ಮೇಲೆ ಟ್ರಯಲ್ ರೀಲ್‌ನಲ್ಲೇ ಪರೀಕ್ಷೆ. 2024ರ ಡಿಸೆಂಬರಿನಲ್ಲಿ ಬಂದ ಸೌಲಭ್ಯ ಇದು. ರೀಲು ಮೊದಲು ಫಾಲೋ ಮಾಡದವರಿಗೆ ಮಾತ್ರ ಹೋಗುತ್ತದೆ. ಸುಮಾರು 24 ಗಂಟೆಯಲ್ಲಿ ಲೆಕ್ಕ ಸಿಗುತ್ತದೆ. 72 ಗಂಟೆಯೊಳಗೆ ಚೆನ್ನಾಗಿ ನಡೆದರೆ ತಾನಾಗಿಯೇ ಎಲ್ಲರಿಗೂ ಹಂಚುವಂತೆ ಮೊದಲೇ ಹೇಳಿಟ್ಟುಕೊಳ್ಳಬಹುದು. ನೆಂಟರ ಪ್ರೀತಿ ಲೆಕ್ಕದೊಳಗೆ ನುಸುಳುವುದಿಲ್ಲ.

ಇವತ್ತು ಹಳೆಯ 48 ಸೆಕೆಂಡಿನ ರೀಲನ್ನೇ, ಏನೂ ಬದಲಿಸದೆ, ಟ್ರಯಲ್ ಆಗಿ ಹಾಕಿದೆ. ಹೋಲಿಸಲಿಕ್ಕೆ ಒಂದು ತಳ ಬೇಕಲ್ವಾ. 24 ಗಂಟೆಗೆ ತಲುಪಿದ್ದು 230, ಸರಾಸರಿ 7 ಸೆಕೆಂಡ್, ಸೇವ್ 9, ಕಳಿಸಿದ್ದು 1. ಸೇವ್ ನೂರಕ್ಕೆ ಏಳೂವರೆ ಇದ್ದದ್ದು ನಾಲ್ಕಕ್ಕೆ ಇಳಿಯಿತು. ಹೊರಗಿನವರ ಕಣ್ಣಲ್ಲಿ ಈ ರೀಲಿನ ಬೆಲೆ ಇಷ್ಟು.

ಜೂನ್ 22, ಭಾನುವಾರ

ಬದಲಿಸಿದ್ದು ಒಂದೇ. ನಮಸ್ಕಾರದ ಐದು ಸೆಕೆಂಡ್ ತೆಗೆದೆ. ಈಗ 43 ಸೆಕೆಂಡ್. ಶುರುವಾಗುವುದೇ ಅಮ್ಮನ ಅಂಗೈಯಿಂದ. ಮೊದಲು ಇದು ಆರನೇ ಸೆಕೆಂಡಿಗೆ ಬರುತ್ತಿತ್ತು. ಅಂಗೈ ಮೇಲೆ ಎರಡು ಗಿಡ. ಒಂದರದ್ದು ಉದ್ದ ತೊಟ್ಟಿನ ದುಂಡನೆ ಎಲೆ, ಬುಡದಲ್ಲಿ ಸೀಳು. ಅದು ಒಂದೆಲಗ. ಇನ್ನೊಂದರದ್ದು ಸಣ್ಣ, ದಪ್ಪನೆಯ ಎಲೆ, ಕಾಂಡದ ಮೇಲೆ ಎದುರು ಬದುರು ಜೋಡಿ. ಅದು ನೀರುಬ್ರಾಹ್ಮಿ. ಜನ ಎರಡಕ್ಕೂ ಬ್ರಾಹ್ಮಿ ಅಂತಲೇ ಅನ್ನುತ್ತಾರೆ. ಅಮ್ಮ ಕೇಳುತ್ತಾಳೆ: “ಇದರಲ್ಲಿ ಚಟ್ನಿಗೆ ಯಾವುದು ಹೇಳಿ ನೋಡೋಣ?”

ಅದೇ ಹೊತ್ತು, ಸಂಜೆ ಏಳು. 24 ಗಂಟೆಗೆ ತಲುಪಿದ್ದು 640. ಸರಾಸರಿ 13 ಸೆಕೆಂಡ್. ಸೇವ್ 29, ಕಳಿಸಿದ್ದು 4. ಸೇವ್ ನೂರಕ್ಕೆ ನಾಲ್ಕೂವರೆ, ಕಳಿಸಿದ್ದು ನೂರಕ್ಕೆ ಒಂದೂ ಇಲ್ಲ. ಈ ಎರಡು ಪ್ರಮಾಣ ಹೆಚ್ಚು ಕಡಿಮೆ ಹಾಗೇ ಇವೆ. ಬದಲಾದದ್ದು ನಿಂತು ನೋಡಿದ ಹೊತ್ತು. ಅಷ್ಟಕ್ಕೇ ಇನ್ನೊಂದು ಬಳೆ ಹರಡಿತು.

ಒಂದು ಎಚ್ಚರ ಬರೆದಿಡಬೇಕು. 230ರಲ್ಲಿ ಒಬ್ಬರು, 640ರಲ್ಲಿ ನಾಲ್ವರು. ಇಷ್ಟು ಸಣ್ಣ ಸಂಖ್ಯೆಯಲ್ಲಿ ಇನ್ನಿಬ್ಬರು ಕಳಿಸಿದ್ದರೂ ಪ್ರಮಾಣ ಜಿಗಿಯುತ್ತಿತ್ತು. ಪ್ರತಿ ಟ್ರಯಲ್ಲೂ ಬೇರೆ ಬೇರೆ ಜನರಿಗೆ ಹೋಗುತ್ತದೆ ಕೂಡ. ಹಾಗಾಗಿ ದೊಡ್ಡ ವ್ಯತ್ಯಾಸ ಕಂಡರೆ ಮಾತ್ರ ನಂಬುತ್ತೇನೆ.

ಜೂನ್ 29, ಭಾನುವಾರ

ಅಂಥ ವ್ಯತ್ಯಾಸ ಇವತ್ತಿನ ರೀಲಿನಲ್ಲಿ ಕಂಡಿತು.

ವಾರದ ನಡುವೆ ಹಳೆಯ ರೀಲಿಗೆ ಬಂದ ಕಾಮೆಂಟುಗಳನ್ನು ಓದುತ್ತಿದ್ದೆ. ಮಂಗಳೂರು ಕಡೆಯವರೊಬ್ಬರು, ನಮ್ಮಲ್ಲಿ ಇದಕ್ಕೆ ತಿಮರೆ ಅಂತಾರೆ, ನನ್ನ ಗಂಡ ಒಪ್ಪುತ್ತಲೇ ಇಲ್ಲ ಅಂತ ಬರೆದಿದ್ದರು. ನನಗೆ ಆಗ ಹೊಳೆಯಿತು. ಸೇವ್ ಮಾಡುವವರು ತಮಗಾಗಿ ಇಟ್ಟುಕೊಳ್ಳುತ್ತಾರೆ. ಕಳಿಸುವವರ ತಲೆಯಲ್ಲಿ ಇನ್ನೊಬ್ಬರ ಮುಖ ಇರಬೇಕು. ಚಟ್ನಿ ಮಾಡುವ ಬಗೆ ಕಂಡರೆ ನಾನು ಸೇವ್ ಮಾಡುತ್ತೇನೆ. ‘ನಾನು ಹೇಳಿರಲಿಲ್ವಾ’ ಅನ್ನುವಂಥದ್ದು ಸಿಕ್ಕರೆ ತಕ್ಷಣ ಅಣ್ಣನಿಗೆ ಕಳಿಸುತ್ತೇನೆ.

ಹೀಗಾಗಿ ಚಟ್ನಿಯನ್ನು ವಿಡಿಯೊದಿಂದ ತೆಗೆದು ಕೆಳಗಿನ ಬರಹಕ್ಕೆ ಹಾಕಿದೆ. ಆ ಜಾಗದಲ್ಲಿ ಹೆಸರುಗಳು. ಒಂದೆಲಗ, ಕರಾವಳಿಯಲ್ಲಿ ತಿಮರೆ, ಎರಡನ್ನೂ ಬ್ರಾಹ್ಮಿ ಅನ್ನುವ ಗೊಂದಲ ಎಲ್ಲಿಂದ, ಎಲೆ ನೋಡಿ ಹೇಗೆ ಜಗಳ ಬಗೆಹರಿಸುವುದು. ಈ ಭಾಗವನ್ನು ಐದನೇ ಸೆಕೆಂಡಿಗೇ ತಂದೆ, ಯಾಕಂದ್ರೆ ಸರಾಸರಿ 13 ಸೆಕೆಂಡಿಗೆ ಹೊರಡುವವರಿಗೆ ಮೂವತ್ತನೇ ಸೆಕೆಂಡಿನಲ್ಲಿ ಇಟ್ಟದ್ದು ಕಾಣುವುದೇ ಇಲ್ಲ. ಉದ್ದ ಅದೇ 43 ಸೆಕೆಂಡ್, ಶುರುವೂ ಅದೇ.

24 ಗಂಟೆಗೆ ತಲುಪಿದ್ದು 2,100. ಸರಾಸರಿ 14 ಸೆಕೆಂಡ್, ಅಂದರೆ ಸುಮಾರಾಗಿ ಹಿಂದಿನಷ್ಟೇ. ಸೇವ್ 61, ನೂರಕ್ಕೆ ಮೂರು. ಇಳಿದಿದೆ. ಕಳಿಸಿದ್ದು 52, ನೂರಕ್ಕೆ ಎರಡೂವರೆ. ಹಿಂದಿನ ವಾರಕ್ಕಿಂತ ನಾಲ್ಕು ಪಟ್ಟು. ಸೇವ್ ಪ್ರಮಾಣ ಕಡಿಮೆಯಾಗಿ, ಕಳಿಸುವ ಪ್ರಮಾಣ ಏರಿ, ರೀಲು ಮೂರು ಪಟ್ಟು ಜನರನ್ನು ತಲುಪಿತು. ಮೂರನೇ ದಿನ ಅದು ತಾನಾಗಿಯೇ ನಮ್ಮ ಫಾಲೋವರ್‌ಗಳಿಗೂ ಹೋಯಿತು.

ಅಮ್ಮನಿಗೆ ತೋರಿಸಿದೆ. ಅವಳು ಸಂಖ್ಯೆ ನೋಡಲಿಲ್ಲ, ಕಾಮೆಂಟುಗಳನ್ನು ಓದಿಸಿಕೊಂಡಳು. ಮಲೆನಾಡಿನವರೊಬ್ಬರು ತಂಬುಳಿಯ ವಿಷಯ ಬರೆದಿದ್ದರು. “ಇವರಿಗೆ ಜೀರಿಗೆ ಹಾಕ್ತೀರಾ ಅಂತ ಕೇಳು” ಅಂದಳು. ಕೇಳಿದೆ.

ಜುಲೈ 6, ಭಾನುವಾರ

ಅದೇ ಅಚ್ಚಿನಲ್ಲಿ ಹೊನಗೊನ್ನೆ ಸೊಪ್ಪು ಮಾಡಿದೆ. ಅಂಗೈಯಿಂದ ಶುರು, ಐದನೇ ಸೆಕೆಂಡಿಗೆ ಗುರುತು, ಎದುರು ಬದುರು ಎಲೆ, ಎಲೆ ಸಂದಿಯಲ್ಲಿ ಪುಟ್ಟ ಬಿಳಿ ಹೂಗೊಂಚಲು. ಸರಾಸರಿ 14 ಸೆಕೆಂಡೇ ಬಂತು. ಸೇವ್ ನೂರಕ್ಕೆ ಆರು! ಆದರೆ ಕಳಿಸಿದ್ದು ಮತ್ತೆ ನೂರಕ್ಕೆ ಒಂದರ ಒಳಗೆ. ತಲುಪಿದ್ದು 700.

ಬೇಸರವಾಗಲಿಲ್ಲ, ಯಾಕಂದ್ರೆ ಕಾರಣ ಕಾಣುತ್ತಿದೆ. ಶುರು ಗಟ್ಟಿ ಇದ್ದರೆ ಆರೇಳು ನೂರು ಜನರವರೆಗೆ ಹೋಗುತ್ತದೆ, ಎರಡು ರೀಲಿನಲ್ಲೂ ಹಾಗೇ ಆಯ್ತು. ಅಲ್ಲಿಂದ ಮುಂದೆ ದಾಟಿದ್ದು ಜನ ಹೆಚ್ಚಾಗಿ ಬೇರೆಯವರಿಗೆ ಕಳಿಸಿದ ರೀಲು ಮಾತ್ರ. ನಾವು ಹೊನಗೊನ್ನೆಯನ್ನು ತೋರಿಸಿದ ರೀತಿಯಲ್ಲಿ ಯಾರಿಗೂ ಜಗಳವಿಲ್ಲ, ಕಳಿಸಲಿಕ್ಕೆ ಮುಖವಿಲ್ಲ. ಆದರೂ ಆ ರೀಲನ್ನು ತೆಗೆಯುವುದಿಲ್ಲ. ನೂರಕ್ಕೆ ಆರು ಜನ ಅದನ್ನು ತೆಗೆದಿಟ್ಟುಕೊಂಡಿದ್ದಾರೆ. ಸಂತೆಯಲ್ಲಿ ಸೊಪ್ಪಿನ ಕಟ್ಟಿನ ಮುಂದೆ ನಿಂತು ಫೋನ್ ತೆರೆಯುವವರು ಅವರೇ. ಈ ಕೆಲಸ ಶುರು ಮಾಡಿದ್ದೇ ಅವರಿಗಾಗಿ.

ಮುಂದಿನ ಭಾನುವಾರಕ್ಕೆ ಗಣಿಕೆ ಸೊಪ್ಪು. ಅದಕ್ಕೆ ಕಾಕಿ ಸೊಪ್ಪು ಅಂತಲೂ ಹೆಸರಿದೆ. ಅದರ ಕಪ್ಪು ಹಣ್ಣನ್ನು ಚಿಕ್ಕಂದಿನಲ್ಲಿ ತಿಂದವರು ಮತ್ತು ವಿಷ ಅಂತ ಬೈಸಿಕೊಂಡವರು ಪ್ರತಿ ಮನೆಯಲ್ಲೂ ಇರುತ್ತಾರೆ. ಹಿತ್ತಲಲ್ಲಿ ಎರಡು ಗಿಡ ಹಣ್ಣಿಗೆ ಬಂದಿವೆ. ಅಮ್ಮ ಹಕ್ಕಿಗಳು ತಿನ್ನದಂತೆ ಒಂದಕ್ಕೆ ಹಳೆ ಸೀರೆ ಮುಚ್ಚಿದ್ದಾಳೆ. ಶನಿವಾರ ಬೆಳಗಿನ ಬೆಳಕಿನಲ್ಲಿ ಹಿಡಿಯಬೇಕು.