ಲಾಟು 214ರ ಹದಿನೈದು ಚೀಲ

"ಸರ, ಗೇಟ್ ಚೀಟಿ ಪ್ರಕಾರ ಹನ್ನೆರಡು ಚೀಲ ಅದಾವ್ರೀ. ನಿಮ್ಮ ಕಂಪ್ಯೂಟರಿನ್ಯಾಗ ಹದಿನೈದು ಹೆಂಗ ಬಂದ್ವು?"

ಬ್ಯಾಡಗಿಯ ದಲಾಲಿ ಅಂಗಡಿಯೊಂದರ ದಿವಾನಜಿಯವರ ಫೋನು. ಸೋಮವಾರ, ಗುರುವಾರದ ಮೆಣಸಿನಕಾಯಿ ಮಾರುಕಟ್ಟೆಯ ತೂಕದ ಲೆಕ್ಕವನ್ನು ಹುಬ್ಬಳ್ಳಿಯಲ್ಲಿ ಕೂತು ನೋಡಿಕೊಳ್ಳುವವರಿಗೆ ಸೀಜನ್ನಿನಲ್ಲಿ ಇಂಥ ಕರೆ ಹೊಸದಲ್ಲ. ಆದರೆ ಲಾಟು 214ರಲ್ಲಿ ಈ ತೊಂದರೆಯ ಎಲ್ಲ ಮುಖಗಳೂ ಒಟ್ಟಿಗೆ ಸಿಕ್ಕವು. ಅದಕ್ಕೇ ಅದನ್ನೊಂದನ್ನೇ ಬಿಡಿಸಿ ಬರೆಯುವುದು ಒಳ್ಳೆಯದು.

ಅಂಗಡಿಯಲ್ಲಿ ಟೆಂಡರ್ ಮುಗಿದ ಮೇಲೆ ಹಮಾಲರು ಚೀಲವನ್ನು ಒಂದೊಂದಾಗಿ ಕಾಟಾದ ಮೇಲೆ ಇಡುತ್ತಾರೆ. ಕಾಟಾಕ್ಕೆ ಜೋಡಿಸಿದ ಟ್ಯಾಬಿನಲ್ಲಿ ತೂಕದವರು ಒಂದು ಬಟನ್ ಒತ್ತಿದರೆ ಅಂಗಡಿ ನಂಬರು, ಲಾಟು ನಂಬರು, ತೂಕ ಸರ್ವರಿಗೆ ಹೋಗುತ್ತದೆ. ಸರ್ವರು "ಬಂತು" ಎಂದು ಉತ್ತರ ಕೊಡಬೇಕು. ಪ್ರಾಂಗಣದಲ್ಲಿ ಸಾವಿರಾರು ಮೊಬೈಲು ಒಂದೇ ಹೊತ್ತಿಗೆ ನೆಟ್‌ವರ್ಕ್ ಹಿಡಿದಿರುವಾಗ ಈ ಉತ್ತರವೇ ದಾರಿಯಲ್ಲಿ ಕಳೆದುಹೋಗುತ್ತದೆ. ದಾಖಲೆ ಸರ್ವರಿನಲ್ಲಿ ಉಳಿದಿರುತ್ತದೆ, ಟ್ಯಾಬಿಗೆ ಮಾತ್ರ ಅದು ಗೊತ್ತಿರುವುದಿಲ್ಲ. ಅದು 30 ಸೆಕೆಂಡು ಕಾದು ಮತ್ತೆ ಕಳಿಸುತ್ತದೆ. ಹೀಗೆ ಮತ್ತೆ ಕಳಿಸುವುದು ಸರಿಯಾದದ್ದೇ, ಕಳಿಸದಿದ್ದರೆ ರೈತರ ಚೀಲವೇ ಕಾಣೆಯಾಗುತ್ತದೆ. ತಪ್ಪಿದ್ದದ್ದು ಬೇರೆ ಕಡೆ: ಆ ಆ್ಯಪ್ ಪ್ರತಿ ಸಲ ಕಳಿಸುವಾಗಲೂ ಹೊಸ ಐಡಿ ಹುಟ್ಟಿಸುತ್ತಿತ್ತು, ಸಮಯವನ್ನೂ ಕಳಿಸುವ ಕ್ಷಣದ್ದನ್ನೇ ಹಾಕುತ್ತಿತ್ತು. ಹಾಗಾಗಿ ಒಂದೇ ಚೀಲ ಎರಡನೇ ಸಲ ಬಂದಾಗ ಸರ್ವರಿನ ಕಣ್ಣಿಗೆ ಅದು ಹೊಸ ಚೀಲ.

ಲಾಟು 214ರ ಸಾಲುಗಳಲ್ಲಿ ಮೊದಲ ಆರು ಹೀಗಿದ್ದವು:

```
sent_at    kg     msg_id
16:14:07   31.4   9f2c
16:14:26   30.8   41ab
16:14:52   31.4   c07e
16:14:56   30.8   e5d1
16:15:26   30.8   77b0
16:15:31   32.0   1d94
```

ಇದನ್ನು ನೋಡಿದ ಕೂಡಲೇ ಯಾರಿಗಾದರೂ ಹೊಳೆಯುವುದು "ಒಂದೇ ಲಾಟು, ಒಂದೇ ತೂಕ, ಒಂದೇ ನಿಮಿಷ ಇದ್ದರೆ ಒಂದನ್ನು ಉಳಿಸಿ ಉಳಿದದ್ದು ತೆಗೆ" ಎಂಬ ನಿಯಮ. ಈ ಆರು ಸಾಲಿನ ಮೇಲೆ ಅದನ್ನು ಓಡಿಸಿ ನೋಡಿ. ಸಮಯವನ್ನು ನಿಮಿಷಕ್ಕೆ ಕತ್ತರಿಸಿದರೆ 31.4ರ ಎರಡೂ ಸಾಲು 16:14ಕ್ಕೆ ಬೀಳುತ್ತವೆ, ಒಂದು ಹೋಗುತ್ತದೆ. ಅವು ನಿಜವಾಗಿ ಎರಡು ಬೇರೆ ಚೀಲ. ಇನ್ನು 30.8ರ ಮೂರರಲ್ಲಿ 16:15:26ರದ್ದು ಮುಂದಿನ ನಿಮಿಷಕ್ಕೆ ದಾಟಿರುವುದರಿಂದ ಹಾಗೇ ಉಳಿಯುತ್ತದೆ. ಅಂದರೆ ಇರುವ ಚೀಲ ಹೋಯಿತು, ಇಲ್ಲದ ಚೀಲ ಉಳಿಯಿತು. ಸಾಲುಗಳ ಎಣಿಕೆಯನ್ನಷ್ಟೇ ನೋಡುವವರಿಗೆ ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡು ಲೆಕ್ಕ ಸರಿಯಾಗಿಯೇ ಕಾಣುತ್ತದೆ. ನಿಮಿಷ, ಐದು ನಿಮಿಷ, ಗಂಟೆ ಎಂದು ಗೆರೆ ಎಳೆದ ಯಾವ ಪದ್ಧತಿಗೂ ಈ ರೋಗ ತಪ್ಪಿದ್ದಲ್ಲ. ಗೆರೆಯ ಆಚೀಚೆ ಬಿದ್ದ ಜೋಡಿ ಬೇರೆಯಾಗಿಬಿಡುತ್ತದೆ.

ಗೆರೆಯ ಬದಲು ಎರಡು ಸಾಲುಗಳ ನಡುವಿನ ಅಂತರವನ್ನೇ ನೋಡಬೇಕು:

```sql
SELECT msg_id, sent_at, grams,
       sent_at - LAG(sent_at) OVER (
         PARTITION BY market_date, shop_no, lot_no, grams
         ORDER BY sent_at
       ) AS gap
FROM weigh_raw;
```

ಇಲ್ಲಿ ತೂಕವನ್ನು ಗ್ರಾಮಿನಲ್ಲಿ, ಪೂರ್ಣಾಂಕವಾಗಿ ಇಟ್ಟಿದ್ದಕ್ಕೆ ಕಾರಣವಿದೆ. ಒಂದು ಟ್ಯಾಬು 30.8 ಎಂದೂ ಇನ್ನೊಂದು 30.80 ಎಂದೂ ಅಕ್ಷರವಾಗಿ ಕಳಿಸಿದರೆ ಅವು ಹೋಲುವುದೇ ಇಲ್ಲ. 30800 ಮಾಡಿಕೊಂಡರೆ ಆ ಜಗಳ ಇಲ್ಲ. market_date ಕೂಡ ಬೇಕೆಂದೇ ಬೇರೆ ಇಟ್ಟದ್ದು. ಲಾಟು ನಂಬರು ಪ್ರತಿ ಮಾರುಕಟ್ಟೆ ದಿನ ಒಂದರಿಂದ ಶುರುವಾಗುತ್ತದೆ, ಆವಕ ಜೋರಿದ್ದ ದಿನ ತೂಕ ಮಧ್ಯರಾತ್ರಿ ದಾಟುತ್ತದೆ. ತಾರೀಖನ್ನು sent_atನಿಂದ ಕಿತ್ತುಕೊಂಡರೆ ಒಂದೇ ಲಾಟು ಎರಡು ದಿನಕ್ಕೆ ಹರಿದುಹೋಗುತ್ತದೆ.

ಒಂದು ಮಾರುಕಟ್ಟೆ ದಿನದ ಎಲ್ಲ ಅಂಗಡಿಗಳ gap ತೆಗೆದು ಸೆಕೆಂಡುವಾರು ಎಣಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಚೀಲ ಇಟ್ಟು, ಮುಳ್ಳು ನಿಂತು, ಇಳಿಸುವುದಕ್ಕೆ ಹೊತ್ತು ಬೇಕಾದ್ದರಿಂದ ಮೊದಲ ಕೆಲವು ಸೆಕೆಂಡುಗಳಲ್ಲಿ ಏನೂ ಇರುವುದಿಲ್ಲ. ಆಮೇಲೆ ಅಲ್ಲೊಂದು ಇಲ್ಲೊಂದು ಎಂದು ಹರಡಿಕೊಂಡಿರುವವು ಅಕಸ್ಮಾತ್ ಒಂದೇ ತೂಕ ಬಂದ ನಿಜವಾದ ಚೀಲಗಳು. 30, 31ರ ಹತ್ತಿರ ಮಾತ್ರ ಒಂದು ಗೋಡೆಯೇ ಎದ್ದು ನಿಂತಿರುತ್ತದೆ. ಮನುಷ್ಯರ ಕೆಲಸ ಹಾಗೆ ಒಂದೇ ಸೆಕೆಂಡಿಗೆ ಬಂದು ನಿಲ್ಲುವುದಿಲ್ಲ. ಅದು ಟ್ಯಾಬಿನ ಟೈಮ್‌ಔಟ್. ಬೇರೆ ಮೂಲಗಳಲ್ಲಿ ಗೋಡೆ ಬೇರೆ ಕಡೆ ಇರಬಹುದು: ಪ್ರತಿ ಸಲ ಕಾಯುವ ಹೊತ್ತನ್ನು ದುಪ್ಪಟ್ಟು ಮಾಡುವ ಪ್ರೋಗ್ರಾಮಿನಲ್ಲಿ 2, 4, 8, 16 ಎಂದು ಸಾಲಾಗಿ ಸಿಗುತ್ತದೆ. ನಕಲೆಂದು ಹಿಡಿಯುವ ಅಂತರ ಎಷ್ಟಿರಬೇಕೆಂದು ಊಹಿಸುವ ಬದಲು ಇದನ್ನು ಮೊದಲು ನೋಡಬೇಕು. ನಮ್ಮಲ್ಲಿ 29ರಿಂದ 33 ಸೆಕೆಂಡು ಎಂದು ನಿಗದಿಯಾಯಿತು.

ಈಗ 30.8ರ ಅಂತರ ಎರಡೂ ಸಲ ಸರಿಯಾಗಿ 30. e5d1, 77b0 ಎರಡೂ ನಕಲು. 31.4ರ ಅಂತರ 45, ಮುಟ್ಟುವಂತಿಲ್ಲ. ಈ ಕ್ವೆರಿಗೆ ಒಂದು ಕುರುಡು ಮೂಲೆಯಿದೆ ಎನ್ನುವುದು ನೆನಪಿರಲಿ. LAG ಪಕ್ಕದ ಸಾಲನ್ನು ಮಾತ್ರ ನೋಡುತ್ತದೆ. ಒಂದು ಚೀಲ, 18 ಸೆಕೆಂಡಿಗೆ ಅಷ್ಟೇ ತೂಕದ ಇನ್ನೊಂದು ನಿಜವಾದ ಚೀಲ, ಆಮೇಲೆ ಮೊದಲನೆಯದರ ನಕಲು ಹೀಗೆ ಬಂದರೆ ನಕಲಿನ ಅಂತರ 12 ಎಂದು ತೋರಿಸಿ ಅದು ಪಾರಾಗುತ್ತದೆ. ಹಾಗಾಗಿ ಪತ್ತೆಗೆ LAG ಸಾಕು, ತೀರ್ಮಾನಕ್ಕೆ "29–33 ಸೆಕೆಂಡು ಹಿಂದೆ ಇದೇ ಲಾಟಿನಲ್ಲಿ ಇದೇ ತೂಕದ ಸಾಲು ಯಾವುದಾದರೂ ಇದೆಯೇ" ಎಂದು ಟೇಬಲ್ಲನ್ನು ಅದಕ್ಕೇ ಜೋಡಿಸಿ ಕೇಳುವುದು ಮೇಲು.

ಅಲ್ಲಿಗೆ ಹದಿನೈದರಲ್ಲಿ ಎರಡು ಹೋಗಿ ಹದಿಮೂರು. ಇನ್ನೊಂದು ಹೆಚ್ಚುವರಿ ಎಲ್ಲಿ? ಲಾಟಿನ ಕೆಳಭಾಗದಲ್ಲಿ ಎರಡು ಜೋಡಿ ಇದ್ದವು: 29.6 ಎರಡು ಸಲ, ಅಂತರ 31 ಸೆಕೆಂಡು; 31.2 ಎರಡು ಸಲ, ಅಂತರ ಅದೂ 31. ನಿಯಮದ ಪ್ರಕಾರ ಎರಡನ್ನೂ ತೆಗೆದರೆ ಹನ್ನೊಂದು ಚೀಲವಾಗುತ್ತದೆ, ಗೇಟ್ ಚೀಟಿ ಹನ್ನೆರಡು ಎನ್ನುತ್ತದೆ. ಅಂದರೆ ಒಂದು ಜೋಡಿ ನಕಲು, ಇನ್ನೊಂದು ನಿಜ. ಸರ್ವರಿಗೆ ಬಂದ ಸಾಲುಗಳನ್ನು ಎಷ್ಟು ತಿರುವಿ ಹಾಕಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ, ಏಕೆಂದರೆ ಆ ಮಾಹಿತಿ ಅದರಲ್ಲಿಲ್ಲ. ಹೊರಗಿನ ಸಾಕ್ಷಿಯೊಂದು ಬೇಕು. ಇಲ್ಲಿ ಅದು ತೂಕದವರ ಕಾಗದದ ಚೀಟಿ: ಒಟ್ಟು 369.8 ಕೆಜಿ. ನಮ್ಮ ಹದಿಮೂರು ಸಾಲಿನ ಮೊತ್ತ 399.4. ವ್ಯತ್ಯಾಸ 29.6. ನಕಲು ಯಾವುದೆಂದು ಅಲ್ಲಿಗೆ ಗೊತ್ತಾಯಿತು. ಕ್ವಿಂಟಲ್‌ಗೆ 20,000 ರೂಪಾಯಿ ದರ ಹಿಡಿದರೆ ಹದಿನೈದು ಸಾಲಿನ ಪಟ್ಟಿಯಲ್ಲಿ 18,240 ರೂಪಾಯಿ ಹೆಚ್ಚಾಗಿತ್ತು. 29.6ರ ಬದಲು 31.2 ತೆಗೆದಿದ್ದರೂ ಎಣಿಕೆ ಹನ್ನೆರಡೇ ಆಗುತ್ತಿತ್ತು, ಆದರೆ ರೈತರಿಗೆ 320 ರೂಪಾಯಿ ಕಡಿಮೆ ಬೀಳುತ್ತಿತ್ತು. ಎಣಿಕೆ ಮತ್ತು ಮೊತ್ತ ಎರಡನ್ನೂ ತಾಳೆ ನೋಡದೆ ಪಟ್ಟಿ ಬಿಡಬಾರದು ಎನ್ನುವುದು ಇದಕ್ಕೇ.

ಇನ್ನು ನಕಲನ್ನು ಏನು ಮಾಡುವುದು? ಅಳಿಸುವುದಂತೂ ಬೇಡ. weigh_raw ಹಾಗೇ ಇರಲಿ, dup_of ಎಂಬ ಕಾಲಂನಲ್ಲಿ ಮೂಲ ಸಾಲಿನ ಐಡಿ ಬರೆದರೆ ಸಾಕು. ಪಟ್ಟಿ ತಯಾರಿಸುವಾಗ ಅದು ಖಾಲಿ ಇರುವ ಸಾಲುಗಳನ್ನಷ್ಟೇ ಕೂಡಿಸಬೇಕು. ಅಚ್ಚುಕಟ್ಟು ಎಂದುಕೊಂಡು ಅಳಿಸಿದವರಿಗೆ ಸಂಜೆ ಕಾದಿರುವುದು ರದ್ದತಿ. ಚೀಲದಲ್ಲಿ ಒದ್ದೆ ಕಾಯಿ ಸಿಕ್ಕಿತೆಂದು ಖರೀದಿದಾರರು ಬೇಡವೆಂದಾಗ ತೂಕದವರು ಟ್ಯಾಬಿನಲ್ಲಿ ಆ ಚೀಲ ರದ್ದು ಮಾಡುತ್ತಾರೆ. ಟ್ಯಾಬಿಗೆ ಗೊತ್ತಿರುವುದು ಉತ್ತರ ಬಂದ ಕೊನೆಯ ಐಡಿ ಮಾತ್ರ, ಅಂದರೆ 77b0. ಅದನ್ನು ನೀವು ಅಳಿಸಿದ್ದರೆ ಸರ್ವರು "ಇಂಥ ದಾಖಲೆ ಇಲ್ಲ" ಎನ್ನುತ್ತದೆ, ರದ್ದಾದ 30.8 ಕೆಜಿ 41ab ಹೆಸರಿನಲ್ಲಿ ಪಟ್ಟಿಯಲ್ಲೇ ಉಳಿಯುತ್ತದೆ. dup_of ಇದ್ದರೆ 77b0ಯಿಂದ 41abಗೆ ದಾರಿ ಸಿಗುತ್ತದೆ, ರದ್ದತಿ ಸರಿಯಾದ ಜಾಗಕ್ಕೆ ಹೋಗುತ್ತದೆ.

ಇದೇ ಮಾರುಕಟ್ಟೆಯಲ್ಲಿ ಇನ್ನೊಂದು ದಾರಿಯಿಂದಲೂ ನಕಲು ಬರುತ್ತಿತ್ತು. ಟ್ಯಾಬು ರಾತ್ರಿ ಇಡೀ ದಿನದ ಫೈಲನ್ನು ಇನ್ನೊಮ್ಮೆ ಕಳಿಸುತ್ತದೆ. ಅದರಲ್ಲಿ ಸಮಯ ಯುಟಿಸಿಯಲ್ಲಿ, ವಲಯದ ಗುರುತಿಲ್ಲದೆ ಇತ್ತು. 16:14:07ರ ಚೀಲ 10:44:07 ಎಂದು ಬಂತು. ಬೆಳಗಿನ ಹತ್ತೂ ಮುಕ್ಕಾಲಿಗೆ ಟೆಂಡರೇ ಮುಗಿದಿರುವುದಿಲ್ಲ, ತೂಕ ಎಲ್ಲಿಂದ ಬರಬೇಕು! ಸುಮಾರು 19,800 ಸೆಕೆಂಡು ಹಿಂದಿನ ಜೋಡಿಗಳು ಗುಂಪಾಗಿ ಕಂಡರೆ ಬೇರೇನೂ ಹುಡುಕಬೇಡಿ, ಅದು ಐದೂವರೆ ಗಂಟೆ. ಫೈಲಿನ ಸಮಯವನ್ನು ಭಾರತೀಯ ಸಮಯಕ್ಕೆ ತಂದ ಮೇಲೆಯೇ ಹೋಲಿಸಬೇಕು.

ಇಷ್ಟೆಲ್ಲ ಸರ್ವರಿನಲ್ಲಿ ಮಾಡುವ ಶುಶ್ರೂಷೆ. ರೋಗ ಇರುವುದು ಟ್ಯಾಬಿನಲ್ಲಿ. ಬಟನ್ ಒತ್ತಿದ ಕ್ಷಣದಲ್ಲೇ, ನೆಟ್‌ವರ್ಕ್ ಮುಟ್ಟುವ ಮೊದಲು, ಐಡಿ ಮತ್ತು ತೂಕ ಮಾಡಿದ ಸಮಯ ಎರಡನ್ನೂ ಟ್ಯಾಬಿನ ಮೆಮೊರಿಗೆ ಬರೆದುಬಿಡಬೇಕು. ಎಷ್ಟು ಸಲ ಕಳಿಸಿದರೂ ಅದೇ ಐಡಿ, ಅದೇ ಸಮಯ ಹೋಗಬೇಕು. ಆಗ ಸರ್ವರಿನ ಕೆಲಸ ಇಷ್ಟೇ:

```sql
INSERT INTO weigh (event_id, market_date, shop_no,
                   lot_no, grams, weighed_at)
VALUES ($1, $2, $3, $4, $5, $6)
ON CONFLICT (event_id) DO NOTHING;
```

ಸಾಲು ಮೊದಲೇ ಇದ್ದರೂ ಟ್ಯಾಬಿಗೆ "ಬಂತು" ಎಂದೇ ಉತ್ತರಿಸಬೇಕು. ಇದನ್ನು ಮರೆತು "ಈಗಾಗಲೇ ಇದೆ" ಎಂದು ದೋಷದ ಸಂದೇಶ ಕೊಟ್ಟರೆ, ಟ್ಯಾಬು ಅದನ್ನು ವಿಫಲವೆಂದೇ ತಿಳಿದು ಬ್ಯಾಟರಿ ಮುಗಿಯುವವರೆಗೂ ಕಳಿಸುತ್ತಲೇ ಇರುತ್ತದೆ. ಅದೇ ಐಡಿ ಬೇರೆ ತೂಕ ಹೊತ್ತು ಬಂದರೆ ಮಾತ್ರ ಸುಮ್ಮನೆ ನುಂಗಬಾರದು. ಇದ್ದ ಸಾಲಿನ ಜೊತೆ ಹೋಲಿಸಿ, ಬೇರೆಯಿದ್ದರೆ ಪಕ್ಕಕ್ಕೆ ತೆಗೆದಿಟ್ಟು ದಿವಾನಜಿಯವರನ್ನು ಕೇಳಬೇಕು. ಅಂಗಡಿ, ಲಾಟು, ತೂಕ ಮೂರನ್ನೂ ಸೇರಿಸಿ ಯೂನಿಕ್ ಇಂಡೆಕ್ಸ್ ಹಾಕುವ ಆಸೆಯೂ ಬೇಡ, ಎರಡನೇ 31.4 ಒಳಗೇ ಬರುವುದಿಲ್ಲ.

ಹೊಸ ಆ್ಯಪ್ ಎಲ್ಲ ಅಂಗಡಿಗೂ ಒಂದೇ ದಿನ ಹೋಗುವುದಿಲ್ಲ. ಸೀಜನ್ನಿನ ನಡುವೆ ಟ್ಯಾಬು ಮುಟ್ಟಲು ಯಾರೂ ಬಿಡುವುದಿಲ್ಲ, ಅದು ನ್ಯಾಯವೇ. ಹಾಗಾಗಿ ಪ್ರತಿ ಸಂದೇಶದಲ್ಲೂ app_version ತರಿಸಿಕೊಂಡು, ಹಳೆಯ ಆವೃತ್ತಿಯ ಸಾಲುಗಳಿಗೆ ಮಾತ್ರ 29–33 ಸೆಕೆಂಡಿನ ನಿಯಮ ಹಚ್ಚಬೇಕು. ಹೊಸದಕ್ಕೂ ಅದನ್ನೇ ಹಚ್ಚಿದರೆ 31 ಸೆಕೆಂಡಿನ ಅಂತರದಲ್ಲಿ ತೂಗಿದ ನಿಜವಾದ 31.2 ಕೆಜಿಯ ಚೀಲ ಮತ್ತೆ ನಕಲಿನ ಪಟ್ಟಿಗೆ ಸೇರುತ್ತದೆ.